ಅಪ್ಪನ ಪಾರ್ಕಿನ್ಸನ್ಸ್, ಮಗನ ರಿಟರ್ನ್: 80ಡಿಡಿ ಮತ್ತು 80ಡಿಡಿಬಿ ಡಿಡಕ್ಷನ್ ಪಡೆಯುವ ಬಗೆ

ಶಿವಮೊಗ್ಗದಲ್ಲಿರುವ ಅಕ್ಕನ ಮಾವನಿಗೆ 71 ವರ್ಷ. ಕೈ ನಡುಕ ಶುರುವಾಗಿ ಐದು ವರ್ಷ ಆಯಿತು, ಈಗ ಎದ್ದು ನಡೆಯಲು ಒಬ್ಬರ ಆಸರೆ ಬೇಕು. ಪಾರ್ಕಿನ್ಸನ್ಸ್. ಭಾವ ಖಾಸಗಿ ಕಂಪನಿಯಲ್ಲಿ ಕೆಲಸ ಮಾಡುತ್ತಾರೆ, ಅಕ್ಕ ಶಾಲೆಯಲ್ಲಿ ಟೀಚರ್. ಮಾತ್ರೆ, ಫಿಸಿಯೋಥೆರಪಿ, ಹಗಲು ನೋಡಿಕೊಳ್ಳಲು ಬರುವ ಹೆಂಗಸಿನ ಸಂಬಳ, ಎಲ್ಲ ಖರ್ಚೂ ಇವರದೇ. ಹೋದ ವರ್ಷ ಅಕ್ಕ ಫೋನ್ ಮಾಡಿ, "ಮಾವನ ಖರ್ಚಿಗೆ ಟ್ಯಾಕ್ಸಲ್ಲಿ ಏನಾದ್ರೂ ಸಿಗುತ್ತಂತಲ್ಲ, ನನ್ನ ರಿಟರ್ನಲ್ಲಿ ಹಾಕಿ ಬಿಡು" ಅಂದಳು. ಸಿಗುತ್ತದೆ. ಆದರೆ ಅಕ್ಕನ ರಿಟರ್ನ್‌ನಲ್ಲಿ ಅಲ್ಲ. ಯಾಕೆ ಅನ್ನುವುದರಿಂದಲೇ ಶುರು ಮಾಡೋಣ.

ಮೊದಲು: ಯಾರು ಯಾರಿಗಾಗಿ ಕೇಳಬಹುದು

ಎರಡು ಬೇರೆ ಬೇರೆ ಸೆಕ್ಷನ್‌ಗಳಿವೆ. 80ಡಿಡಿ ಅಂದರೆ ನಿಮ್ಮನ್ನು ಅವಲಂಬಿಸಿರುವ ಅಂಗವೈಕಲ್ಯವುಳ್ಳವರ ಪಾಲನೆಗೆ ಸಿಗುವ ಡಿಡಕ್ಷನ್. 80ಡಿಡಿಬಿ ಅಂದರೆ ಸರ್ಕಾರ ಪಟ್ಟಿ ಮಾಡಿದ ಕೆಲವು ಗಂಭೀರ ಕಾಯಿಲೆಗಳ ಚಿಕಿತ್ಸೆಗೆ ಸಿಗುವ ಡಿಡಕ್ಷನ್. ಒಂದು ಪಾಲನೆಗೆ, ಇನ್ನೊಂದು ಚಿಕಿತ್ಸೆಗೆ. ಹಾಗಾಗಿ ಒಬ್ಬರೇ ವ್ಯಕ್ತಿಗಾಗಿ ಎರಡನ್ನೂ ಕೇಳಬಹುದು. ಪಾರ್ಕಿನ್ಸನ್ಸ್ ಇರುವ ಮನೆಯಲ್ಲಿ ಇದೇ ಬಹಳ ಜನ ಬಿಟ್ಟುಬಿಡುವ ವಿಷಯ.

ಎರಡಕ್ಕೂ ಅವಲಂಬಿತರ ಪಟ್ಟಿ ಒಂದೇ: ಗಂಡ ಅಥವಾ ಹೆಂಡತಿ, ಮಕ್ಕಳು, ತಂದೆ ತಾಯಿ, ಅಣ್ಣ ತಮ್ಮ, ಅಕ್ಕ ತಂಗಿ. ಅಷ್ಟೇ. ಅತ್ತೆ ಮಾವ ಇಲ್ಲಿ ಇಲ್ಲ. ಹಾಗಾಗಿ ಅಕ್ಕನೇ ತನ್ನ ಸಂಬಳದಿಂದ ಔಷಧಿ ತಂದರೂ ಕ್ಲೇಮ್ ಆಕೆಗೆ ಬರುವುದಿಲ್ಲ. ಮಗನಾದ ಭಾವ ಕಟ್ಟಬೇಕು, ಅವರೇ ಕೇಳಬೇಕು. ನಾನು ಅಕ್ಕನಿಗೆ ಹೇಳಿದ್ದು ಇಷ್ಟೇ: ಮಾವನ ಬಿಲ್ಲೆಲ್ಲ ಭಾವನ ಯುಪಿಐನಿಂದ ಹೋಗಲಿ, ಮನೆ ಸಾಮಾನು ನೀನು ನೋಡಿಕೋ.

ಅವಲಂಬಿತರು ಅಂದರೆ ಪೂರ್ತಿಯಾಗಿ ಅಥವಾ ಮುಖ್ಯವಾಗಿ ನಿಮ್ಮ ಮೇಲೆ ನಿಂತವರು. ಇಷ್ಟು ರೂಪಾಯಿಗಿಂತ ಕಡಿಮೆ ಆದಾಯ ಇರಬೇಕು ಅಂತ ಕಾನೂನಲ್ಲಿ ಲೆಕ್ಕ ಇಲ್ಲ. ಮಾವನಿಗೆ ಬ್ಯಾಂಕಿನಿಂದ ಸ್ವಲ್ಪ ಬಡ್ಡಿ ಬರುತ್ತದೆ, ಅದರಿಂದ ತಿಂಗಳ ಮಾತ್ರೆಯೂ ಪೂರೈಸದು. ಇಂಥ ಕಡೆ ತೊಂದರೆ ಇಲ್ಲ. ಒಳ್ಳೆ ಪೆನ್ಷನ್ ಬರುವ ಅಪ್ಪನನ್ನು ಅವಲಂಬಿತ ಅಂತ ತೋರಿಸಿದರೆ ಉತ್ತರ ಹೇಳುವುದು ಕಷ್ಟ. ಇನ್ನೊಂದು ಮಾತು: ಅವರೇ ರಿಟರ್ನ್ ಹಾಕಿ 80ಯು ಅಡಿಯಲ್ಲಿ ತಮ್ಮ ಅಂಗವೈಕಲ್ಯಕ್ಕೆ ಡಿಡಕ್ಷನ್ ತೆಗೆದುಕೊಂಡಿದ್ದರೆ ನಿಮಗೆ 80ಡಿಡಿ ಸಿಗುವುದಿಲ್ಲ.

ಎರಡೂ ಡಿಡಕ್ಷನ್ ತೆರಿಗೆ ಲೆಕ್ಕದಲ್ಲಿ ಭಾರತದ ನಿವಾಸಿಗಳಾದವರಿಗೆ ಮಾತ್ರ. ದುಬೈನಲ್ಲೋ ಅಮೆರಿಕದಲ್ಲೋ ಇದ್ದು, ಎನ್‌ಆರ್‌ಐ ಆಗಿ, ಊರಿನ ಅಪ್ಪ ಅಮ್ಮನಿಗೆ ದುಡ್ಡು ಕಳಿಸುವ ಮಗನಿಗೆ ಇವೆರಡೂ ಇಲ್ಲ.

ಎರಡನೆಯದು: ಪದ್ಧತಿ ಹಳೆಯದಾ, ಹೊಸದಾ?

ಈ ಪ್ರಶ್ನೆಗೆ ಉತ್ತರ ಸಿಗದೆ ಕಾಗದಪತ್ರಕ್ಕೆ ಓಡಾಡಬೇಡಿ. 80ಡಿಡಿ, 80ಡಿಡಿಬಿ, 80ಯು ಮೂರೂ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಇವೆ. ಹೊಸ ಪದ್ಧತಿಯಲ್ಲಿ ಒಂದೂ ಇಲ್ಲ. 2023-24ರಿಂದ ಹೊಸದೇ ತಾನಾಗಿ ಅನ್ವಯವಾಗುತ್ತದೆ, ಹಳೆಯದು ಬೇಕಾದರೆ ನಾವೇ ಕೇಳಿ ಪಡೆಯಬೇಕು.

2025-26ರ ಆದಾಯಕ್ಕೆ ಹೊಸ ಪದ್ಧತಿಯಲ್ಲಿ, ಸಂಬಳದಾರರಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ 12,75,000 ರೂಪಾಯಿವರೆಗೆ ತೆರಿಗೆಯೇ ಬರುವುದಿಲ್ಲ. ನಿಮ್ಮ ಸಂಬಳ ಅದರೊಳಗಿದ್ದರೆ, ಬೇರೆ ಆದಾಯವೂ ಇಲ್ಲದಿದ್ದರೆ, ಈ ಲೇಖನ ಇಲ್ಲಿಗೇ ನಿಲ್ಲಿಸಬಹುದು. ಸೊನ್ನೆಯಿಂದ ಕಳೆಯಲು ಏನಿದೆ?

ಅದಕ್ಕಿಂತ ಜಾಸ್ತಿ ಇದ್ದರೆ ಲೆಕ್ಕ ಹಾಕಲೇಬೇಕು. ಭಾವನ ಲೆಕ್ಕವನ್ನು ಕೊನೆಯಲ್ಲಿ ಪೂರ್ತಿ ಕೊಡುತ್ತೇನೆ. ಅಲ್ಲಿ ಒಂದು ಕಹಿ ಸತ್ಯವೂ ಇದೆ.

ಮೂರನೆಯದು: 40 ಪರ್ಸೆಂಟ್ ಇರುವ ಆ ಒಂದು ಕಾಗದ

80ಡಿಡಿಗೆ ಅಂಗವೈಕಲ್ಯ ಕನಿಷ್ಠ ಶೇ 40 ಇರಬೇಕು. ಆಗ 75,000 ರೂಪಾಯಿ ಸಿಗುತ್ತದೆ. ಶೇ 80 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದು ತೀವ್ರ ಅಂಗವೈಕಲ್ಯ, 1,25,000 ರೂಪಾಯಿ. ಇದು ಇಡಿಗಂಟು. ಪಾಲನೆಗೆ ಅಂತ ಖರ್ಚು ಆಗಿರಬೇಕು ಅಷ್ಟೇ, 30,000 ಆಗಿದ್ದರೂ 75,000 ಸಿಗುತ್ತದೆ, 3 ಲಕ್ಷ ಆಗಿದ್ದರೂ 75,000ವೇ.

80ಡಿಡಿಬಿಗೂ ಪಾರ್ಕಿನ್ಸನ್ಸ್ ವಿಷಯದಲ್ಲಿ ಇದೇ ಶೇ 40ರ ಗೆರೆ ಇದೆ. ಪಟ್ಟಿಯಲ್ಲಿರುವ ನರಸಂಬಂಧಿ ಕಾಯಿಲೆಗಳಾದ ಪಾರ್ಕಿನ್ಸನ್ಸ್, ಡಿಮೆನ್ಷಿಯಾ, ಮೋಟಾರ್ ನ್ಯೂರಾನ್ ಕಾಯಿಲೆ, ಅಟಾಕ್ಸಿಯಾ, ಅಫೇಸಿಯಾ ಮುಂತಾದವಕ್ಕೆ ಅಂಗವೈಕಲ್ಯದ ಮಟ್ಟ ಶೇ 40 ಅಥವಾ ಜಾಸ್ತಿ ಅಂತ ಪ್ರಮಾಣೀಕರಿಸಿದ್ದರೆ ಮಾತ್ರ ಡಿಡಕ್ಷನ್. ಹಾಗಾಗಿ ಅಂಗವೈಕಲ್ಯ ಪ್ರಮಾಣಪತ್ರ ಒಂದು ಕೈಗೆ ಬಂದರೆ ಎರಡೂ ಬಾಗಿಲು ತೆರೆಯುತ್ತವೆ. ಅದು ಇಲ್ಲದಿದ್ದರೆ ಎರಡೂ ಮುಚ್ಚಿರುತ್ತವೆ.

ಕಾಗದ ಪಡೆಯುವುದು ಹೀಗೆ. `swavlambancard.gov.in` ತಾಣದಲ್ಲಿ ಯುಡಿಐಡಿ ಕಾರ್ಡ್‌ಗೆ, ಅಂದರೆ ಅಂಗವೈಕಲ್ಯವುಳ್ಳವರ ಗುರುತಿನ ಚೀಟಿಗೆ, ಅರ್ಜಿ ಹಾಕಿ. ಆಧಾರ್, ಫೋಟೋ, ವಿಳಾಸದ ದಾಖಲೆ, ಇರುವ ವೈದ್ಯಕೀಯ ವರದಿಗಳು ಬೇಕು. ತಪಾಸಣೆಗೆ ಯಾವ ಆಸ್ಪತ್ರೆ ಅಂತ ಅಲ್ಲೇ ಆರಿಸಬೇಕು, ಆಮೇಲೆ ಅವರು ಹೇಳಿದ ದಿನ ರೋಗಿಯನ್ನು ಕರೆದುಕೊಂಡು ಹೋಗಬೇಕು. ಹಳ್ಳಿಯಲ್ಲಿದ್ದರೆ ನಿಮ್ಮ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಅರ್ಜಿ ತುಂಬುವುದು ಅವರಿಗೆ ದಿನದ ಕೆಲಸ. ಕಾರ್ಡಿನ ಬಣ್ಣ ನೋಡಿದರೇ ಗೊತ್ತಾಗುತ್ತದೆ: ಬಿಳಿ ಪಟ್ಟಿ ಶೇ 40ಕ್ಕಿಂತ ಕಡಿಮೆ, ಹಳದಿ 40ರಿಂದ 80ರೊಳಗೆ, ನೀಲಿ 80 ಮತ್ತು ಮೇಲೆ. ತೆರಿಗೆಯ ಮಟ್ಟಿಗೆ ಬಿಳಿ ಕಾರ್ಡ್‌ನಿಂದ ಉಪಯೋಗ ಇಲ್ಲ.

ತಪಾಸಣೆಗೆ ಹೋಗುವಾಗ ಒಂದು ಎಚ್ಚರ. ಪಾರ್ಕಿನ್ಸನ್ಸ್‌ನವರಿಗೆ ಮಾತ್ರೆ ತೆಗೆದುಕೊಂಡ ಒಂದೆರಡು ಗಂಟೆ ಮೈ ಸಡಿಲ ಇರುತ್ತದೆ, ಪ್ರಭಾವ ಇಳಿದ ಮೇಲೆ ಬಿಗಿ. ವೈದ್ಯರಿಗೆ ಎರಡೂ ಸ್ಥಿತಿ ಗೊತ್ತಾಗುವ ಹಾಗೆ ಹಳೆಯ ಚೀಟಿಗಳನ್ನು, ಬಿದ್ದು ಪೆಟ್ಟಾಗಿದ್ದರೆ ಅದರ ಕಾಗದವನ್ನು ಜೊತೆಗೆ ಒಯ್ಯಿರಿ. ಅವರ ಮುಂದೆ ಐದು ನಿಮಿಷ ಚೆನ್ನಾಗಿ ನಡೆದದ್ದೇ ಇಡೀ ಕಥೆ ಅಲ್ಲ.

ಪ್ರಮಾಣಪತ್ರ ಬಂದ ಮೇಲೆ ಅವಧಿ ನೋಡಿ. ಕೆಲವು ಶಾಶ್ವತ, ಕೆಲವಕ್ಕೆ ಮರುತಪಾಸಣೆಯ ದಿನಾಂಕ ಇರುತ್ತದೆ. ದಿನಾಂಕ ಮುಗಿದ ಹಣಕಾಸು ವರ್ಷದ ಕೊನೆಯವರೆಗೆ ಅದು ನಡೆಯುತ್ತದೆ. ಉದಾಹರಣೆಗೆ 2025ರ ಆಗಸ್ಟ್‌ಗೆ ಮುಗಿದಿದ್ದರೆ 2025-26ಕ್ಕೆ ತೊಂದರೆ ಇಲ್ಲ. 2026-27ಕ್ಕೆ ಹೊಸದು ಬೇಕು.

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ಅಂಗವೈಕಲ್ಯ ಇರುವ ಮಕ್ಕಳ ತಂದೆ ತಾಯಿಗೆ ಮಾತ್ರ ಇಲ್ಲಿ ಇನ್ನೊಂದು ಹೆಜ್ಜೆ ಇದೆ. ನಿಗದಿತ ವೈದ್ಯರಿಂದ, ಅಂದರೆ ನ್ಯೂರಾಲಜಿಸ್ಟ್, ಮಕ್ಕಳ ನ್ಯೂರಾಲಜಿಸ್ಟ್, ಇಲ್ಲವೇ ಸರ್ಕಾರಿ ಆಸ್ಪತ್ರೆಯ ಸಿವಿಲ್ ಸರ್ಜನ್ ಅಥವಾ ಮುಖ್ಯ ವೈದ್ಯಾಧಿಕಾರಿಯಿಂದ, `Form 10-IA` ನಮೂನೆಯಲ್ಲಿ ಪ್ರಮಾಣಪತ್ರ ಪಡೆಯಬೇಕು. ಆಮೇಲೆ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ `e-File > Income Tax Forms > File Income Tax Forms` ಗೆ ಹೋಗಿ ಆ ಫಾರಂ ಸಲ್ಲಿಸಬೇಕು. ಇದನ್ನು ರಿಟರ್ನ್‌ಗಿಂತ ಮೊದಲೇ ಮಾಡಿ. ಅದರ ಸ್ವೀಕೃತಿ ಸಂಖ್ಯೆಯನ್ನು ರಿಟರ್ನ್ ಕೇಳುತ್ತದೆ.

ನಾಲ್ಕನೆಯದು: ವೈದ್ಯರ ಚೀಟಿ ಯಾರದ್ದು?

80ಡಿಡಿಬಿಗೆ ಪ್ರಮಾಣಪತ್ರದ ಜೊತೆ ತಜ್ಞ ವೈದ್ಯರ ಚೀಟಿ ಬೇಕು. ಮುಂಚೆ ಸರ್ಕಾರಿ ಆಸ್ಪತ್ರೆಯ ವೈದ್ಯರಿಂದ 10-ಐ ಅನ್ನುವ ಫಾರಂ ತರಬೇಕಿತ್ತು. 2015ರಲ್ಲಿ ನಿಯಮ ಬದಲಾಯಿತು, ಈಗ ಖಾಸಗಿ ತಜ್ಞರ ಚೀಟಿಯೂ ನಡೆಯುತ್ತದೆ. ಇನ್ನೂ ಕೆಲವು ಕಂಪನಿಗಳ ಅಕೌಂಟ್ಸ್ ವಿಭಾಗದವರು 10-ಐ ಕೇಳುತ್ತಾರೆ. ಸುಮ್ನೆ ವಾದ ಮಾಡಬೇಡಿ, ರಿಟರ್ನ್‌ನಲ್ಲಿ ನೇರವಾಗಿ ಹಾಕಿಕೊಳ್ಳಿ.

ತಜ್ಞರು ಅಂದರೆ ಆಯಾ ಕಾಯಿಲೆಯ ತಜ್ಞರೇ ಆಗಬೇಕು. ನರದ ಕಾಯಿಲೆಗೆ ನ್ಯೂರಾಲಜಿಯಲ್ಲಿ ಡಿಎಂ, ಕ್ಯಾನ್ಸರ್‌ಗೆ ಆಂಕಾಲಜಿಯಲ್ಲಿ ಡಿಎಂ, ಕಿಡ್ನಿ ವೈಫಲ್ಯಕ್ಕೆ ನೆಫ್ರಾಲಜಿಯಲ್ಲಿ ಡಿಎಂ ಅಥವಾ ಯೂರಾಲಜಿಯಲ್ಲಿ ಎಂಸಿಎಚ್, ಹಿಮೋಫಿಲಿಯಾ ಮತ್ತು ತಲಸ್ಸೇಮಿಯಾಗೆ ಹೆಮಟಾಲಜಿಯಲ್ಲಿ ಡಿಎಂ, ಅಥವಾ ಇವಕ್ಕೆ ಸಮನಾದ ಮಾನ್ಯತೆ ಪಡೆದ ಪದವಿ. ಪೂರ್ಣಾವಸ್ಥೆಯ ಏಡ್ಸ್‌ಗೆ ಜನರಲ್ ಮೆಡಿಸಿನ್‌ನಲ್ಲಿ ಸ್ನಾತಕೋತ್ತರ ಪದವಿ ಸಾಕು. ಪಟ್ಟಿ ಹೆಚ್ಚುಕಡಿಮೆ ಇಷ್ಟೇ. ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ ಇದರಲ್ಲಿ ಇಲ್ಲ. ಬೈಪಾಸ್ ಸರ್ಜರಿಗೆ ಎಷ್ಟೇ ಲಕ್ಷ ಕಟ್ಟಿದ್ದರೂ 80ಡಿಡಿಬಿ ಇಲ್ಲ.

ಭಾವನ ಮನೆಯಲ್ಲಿ ಸಿಕ್ಕಿಬಿದ್ದದ್ದು ಇಲ್ಲೇ. ಮಾವನಿಗೆ ತಿಂಗಳು ತಿಂಗಳು ಮಾತ್ರೆ ಬರೆದುಕೊಡುವವರು ಮನೆ ಹತ್ತಿರದ ಕ್ಲಿನಿಕ್ಕಿನ ಎಂಡಿ ಡಾಕ್ಟರು. ನ್ಯೂರಾಲಜಿಸ್ಟ್ ಹತ್ತಿರ ಹೋಗುವುದು ಆರು ತಿಂಗಳಿಗೊಮ್ಮೆ. ಫೈಲಿನ ತುಂಬಾ ಕ್ಲಿನಿಕ್ಕಿನ ಚೀಟಿಗಳೇ. ಖಾಸಗಿ ಎಂಡಿ ಅವರ ಚೀಟಿ ಪಾರ್ಕಿನ್ಸನ್ಸ್‌ಗೆ ನಡೆಯುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಆಗುತ್ತಿದ್ದರೆ ಮಾತ್ರ ಅಲ್ಲಿನ ಪೂರ್ಣಾವಧಿ ಜನರಲ್ ಮೆಡಿಸಿನ್ ತಜ್ಞರು ಬರೆದರೂ ಸಾಕು. ಕೊನೆಗೆ ಮುಂದಿನ ಭೇಟಿಯಲ್ಲಿ ನ್ಯೂರಾಲಜಿಸ್ಟ್ ಹತ್ತಿರ ಪೂರ್ತಿ ವಿವರ ಇರುವ ಒಂದು ಚೀಟಿ ಬರೆಸಿಕೊಂಡರು. ಅದರಲ್ಲಿ ಇರಬೇಕಾದದ್ದು:

- ರೋಗಿಯ ಹೆಸರು ಮತ್ತು ವಯಸ್ಸು
- ಕಾಯಿಲೆಯ ಹೆಸರು, ಚಿಕ್ಕದಾಗಿ "ಪಿಡಿ" ಅಂತ ಅಲ್ಲ, ಪೂರ್ತಿ "ಪಾರ್ಕಿನ್ಸನ್ಸ್ ಡಿಸೀಸ್" ಅಂತ
- ವೈದ್ಯರ ಹೆಸರು, ವಿಳಾಸ, ಪದವಿ, ನೋಂದಣಿ ಸಂಖ್ಯೆ
- ಸರ್ಕಾರಿ ಆಸ್ಪತ್ರೆ ಆದರೆ ಆಸ್ಪತ್ರೆಯ ಹೆಸರು, ವಿಳಾಸ

ವಯಸ್ಸು ಬಿಟ್ಟುಹೋಗುವುದು ಮಾಮೂಲು. ಮಿತಿ ನಿಂತಿರುವುದೇ ಅದರ ಮೇಲೆ, ಹಾಗಾಗಿ ಅಲ್ಲೇ ಕೂತಿದ್ದಾಗಲೇ ನೋಡಿಕೊಳ್ಳಿ.

ಐದನೆಯದು: 80ಡಿಡಿಬಿ ಮೊತ್ತ, ಮತ್ತು ನಾನೇ ಮಾಡಿದ ತಪ್ಪು

ರೋಗಿಗೆ 60 ವರ್ಷ ಆಗಿಲ್ಲದಿದ್ದರೆ ಮಿತಿ 40,000 ರೂಪಾಯಿ. 60 ಆಗಿದ್ದರೆ 1,00,000. ನೋಡಬೇಕಾದದ್ದು ರೋಗಿಯ ವಯಸ್ಸು, ರಿಟರ್ನ್ ಹಾಕುವವರದ್ದಲ್ಲ. 80ಡಿಡಿಯ ಹಾಗೆ ಇದು ಇಡಿಗಂಟಲ್ಲ, ನಿಜವಾಗಿ ಕೊಟ್ಟ ಹಣ ಅಥವಾ ಮಿತಿ, ಎರಡರಲ್ಲಿ ಕಡಿಮೆ ಇರುವುದು.

ವಿಮೆ ಹಣ ಬಂದಿದ್ದರೆ ಅದನ್ನು ಕಳೆಯಬೇಕು. ಕಂಪನಿ ಕೊಟ್ಟ ಮರುಪಾವತಿಯನ್ನೂ ಕಳೆಯಬೇಕು. ಎಲ್ಲಿಂದ ಕಳೆಯಬೇಕು ಅನ್ನುವುದೇ ಇಲ್ಲಿ ಮುಖ್ಯ. ಮಾವನ ಪಾರ್ಕಿನ್ಸನ್ಸ್‌ಗೆ ಆ ವರ್ಷ ಆದ ಖರ್ಚು 1,40,000. ನಡುವೆ ಎರಡು ದಿನ ಆಸ್ಪತ್ರೆಯಲ್ಲಿ ಇದ್ದಾಗ ಭಾವನ ಕಂಪನಿಯ ಗುಂಪು ವಿಮೆಯಿಂದ 14,000 ಬಂತು. ನಾನು ಮೊದಲು ಹೀಗೆ ಲೆಕ್ಕ ಹಾಕಿದೆ: 1,40,000ದಲ್ಲಿ 14,000 ಕಳೆದರೆ 1,26,000, ಮಿತಿ 1 ಲಕ್ಷ, ಸರಿ, 1 ಲಕ್ಷ ಹಾಕೋಣ. ಇದು ತಪ್ಪು. ಕಾನೂನು ಕಳೆಯಿರಿ ಅನ್ನುವುದು ಖರ್ಚಿನಿಂದ ಅಲ್ಲ, ಡಿಡಕ್ಷನ್‌ನಿಂದ. ಮೊದಲು ಮಿತಿ ಹಾಕಬೇಕು, ಆಮೇಲೆ ವಿಮೆ ಕಳೆಯಬೇಕು.

```
ಖರ್ಚು 1,40,000, ಮಿತಿ 1,00,000  →  1,00,000
ವಿಮೆಯಿಂದ ಬಂದದ್ದು              →   − 14,000
80DDB                            →     86,000
```

ಇದರ ಪರಿಣಾಮ ದೊಡ್ಡ ಬಿಲ್ಲಿನಲ್ಲಿ ಕಾಣುತ್ತದೆ. 65 ವರ್ಷದ ತಾಯಿಯ ಕ್ಯಾನ್ಸರ್‌ಗೆ 5 ಲಕ್ಷ ಖರ್ಚಾಗಿ, ವಿಮೆಯಿಂದ 2 ಲಕ್ಷ ಬಂದರೆ, ಕೈಯಿಂದ 3 ಲಕ್ಷ ಹೋಗಿದ್ದರೂ ಡಿಡಕ್ಷನ್ ಸೊನ್ನೆ. ನ್ಯಾಯ ಅನ್ನಿಸುವುದಿಲ್ಲ, ಆದರೆ ಬರೆದಿರುವುದು ಹಾಗೇ. ಜಿಲ್ಲಾಸ್ಪತ್ರೆಯಲ್ಲಿ ಉಚಿತವಾಗಿ ಆದ ಡಯಾಲಿಸಿಸ್‌ಗೂ ಕೇಳುವ ಹಾಗಿಲ್ಲ, ಯಾಕೆಂದರೆ ನೀವು ಹಣ ಕೊಟ್ಟಿಲ್ಲ.

ಬಿಲ್ಲುಗಳನ್ನು ತಿಂಗಳಿಗೊಂದು ಕವರಿನಲ್ಲಿ ಹಾಕಿಡಿ. ಔಷಧಿ ಅಂಗಡಿಯ ಥರ್ಮಲ್ ಕಾಗದದ ಬಿಲ್ಲು ಆರು ತಿಂಗಳಲ್ಲಿ ಬೆಳ್ಳಗಾಗುತ್ತದೆ, ಅವತ್ತೇ ಫೋಟೋ ತೆಗೆದಿಡಿ. ಬಿಲ್ಲಿನ ಮೇಲೆ ರೋಗಿಯ ಹೆಸರು ಹಾಕಿಸಿ. ಬಿಪಿ ಮಾತ್ರೆ, ಮನೆಯವರ ಕೆಮ್ಮಿನ ಸಿರಪ್ಪು ಅದೇ ಬಿಲ್ಲಲ್ಲಿ ಇದ್ದರೆ ಆ ಸಾಲುಗಳನ್ನು ಬಿಟ್ಟು ಕೂಡಿ.

ಆರನೆಯದು: ರಿಟರ್ನ್ ತುಂಬುವಾಗ

2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ, ಅದರಲ್ಲಿ ಸೆಕ್ಷನ್ ಸಂಖ್ಯೆಗಳೇ ಬೇರೆ. ಆದರೆ 2025-26ರ ಆದಾಯಕ್ಕೆ 1961ರ ಕಾಯ್ದೆಯೇ, ಪರದೆಯ ಮೇಲೆ `80DD`, `80DDB` ಅಂತಲೇ ನೋಡಿ.

ಮೊದಲ ಕೆಲಸ, ಹೊಸ ಪದ್ಧತಿಯಿಂದ ಹೊರಬರುತ್ತೀರಾ ಅನ್ನುವ ಪ್ರಶ್ನೆಗೆ `Yes` ಕೊಡುವುದು. ಅಲ್ಲಿ `115BAC(6)` ಅಂತ ಕಾಣುತ್ತದೆ. ಕಂಪನಿ ವರ್ಷಪೂರ್ತಿ ಹೊಸ ಪದ್ಧತಿಯಲ್ಲಿ ಟಿಡಿಎಸ್ ಹಿಡಿದಿದ್ದರೂ ಸಂಬಳದಾರರು ಇಲ್ಲಿ ಬದಲಾಯಿಸಬಹುದು. ವ್ಯಾಪಾರದ ಆದಾಯ ಇರುವವರು `Form 10-IEA` ಮೊದಲು ಸಲ್ಲಿಸಬೇಕು. ಕೊನೆಯ ದಿನಾಂಕ ಮೀರಬಾರದು, ಸಂಬಳದಾರರಿಗೆ ಅದು ಸಾಮಾನ್ಯವಾಗಿ ಜುಲೈ 31. ಒಂದು ದಿನ ತಡವಾದರೂ ಹಳೆಯ ಪದ್ಧತಿ ಕೈ ತಪ್ಪುತ್ತದೆ, ಅದರ ಜೊತೆಗೆ ಎರಡೂ ಡಿಡಕ್ಷನ್ ಹೋಗುತ್ತವೆ.

80ಡಿಡಿ ಶೆಡ್ಯೂಲ್‌ನಲ್ಲಿ ಅಂಗವೈಕಲ್ಯವಾ ತೀವ್ರ ಅಂಗವೈಕಲ್ಯವಾ, ಯಾವ ಬಗೆ, ಅವಲಂಬಿತರು ನಿಮಗೆ ಏನಾಗಬೇಕು, ಅವರ ಪ್ಯಾನ್ ಮತ್ತು ಆಧಾರ್ ಸಂಖ್ಯೆ ಎಲ್ಲ ಕೇಳುತ್ತದೆ. ಯುಡಿಐಡಿ ಸಂಖ್ಯೆಗೂ ಜಾಗ ಇದೆ. ಬಗೆ ಕೇಳಿದಾಗ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ಅಂಗವೈಕಲ್ಯ ಒಂದು ಗುಂಪು, ಉಳಿದವು `others`. ಮಾವನದು ಎರಡನೆಯದು. 80ಡಿಡಿಬಿಯಲ್ಲಿ ಹಿರಿಯ ನಾಗರಿಕರಾ ಅಂತ ಆರಿಸಿ, ಕಾಯಿಲೆಯ ಹೆಸರು ಆರಿಸಿ, ಮೊತ್ತ ಹಾಕಬೇಕು.

ಕಾಗದ ಯಾವುದನ್ನೂ ರಿಟರ್ನ್ ಜೊತೆ ಲಗತ್ತಿಸುವುದಿಲ್ಲ. ಹಾಗಂತ ಕಾಗದ ಇಲ್ಲದೆ ಹಾಕುವವರೂ ಇದ್ದಾರೆ. 2025ರ ಜುಲೈನಲ್ಲಿ ಆದಾಯ ತೆರಿಗೆ ಇಲಾಖೆ ಸುಳ್ಳು ಡಿಡಕ್ಷನ್‌ಗಳ ವಿರುದ್ಧ ದೇಶದ 150 ಕಡೆ ತಪಾಸಣೆ ಮಾಡಿತು, ಆ ಪಟ್ಟಿಯಲ್ಲಿ 80ಡಿಡಿಬಿಯ ಹೆಸರೂ ಇತ್ತು. "ರಿಫಂಡ್ ಜಾಸ್ತಿ ಬರೋ ಹಾಗೆ ಮಾಡ್ತೀನಿ" ಅನ್ನುವ ಏಜೆಂಟರು ನಿಮಗೆ ಹೇಳದೇ ಇದನ್ನು ತುಂಬಿರಬಹುದು. ಸಲ್ಲಿಸುವ ಮುಂಚೆ ಆ ಸಾಲನ್ನು ನೀವೇ ಒಮ್ಮೆ ನೋಡಿ. ನಿಜವಾಗಿ ಕೇಳುವವರು ಪ್ರಮಾಣಪತ್ರ, ಚೀಟಿ, ಬಿಲ್ಲು, ವಿಮೆಯ ಇತ್ಯರ್ಥ ಪತ್ರ ನಾಲ್ಕನ್ನೂ ಒಂದೇ ಫೈಲಿನಲ್ಲಿ ಐದಾರು ವರ್ಷ ಇಟ್ಟುಕೊಳ್ಳಿ.

ಭಾವನ ಲೆಕ್ಕ

ಸಂಬಳ 14,00,000. ಮಾವನ ಪ್ರಮಾಣಪತ್ರದಲ್ಲಿ ಶೇ 60. ಮನೆ ಸಾಲದ ಬಡ್ಡಿ 2,00,000, 80ಸಿ ಪೂರ್ತಿ 1,50,000, ತಮ್ಮ ಕುಟುಂಬದ ಆರೋಗ್ಯ ವಿಮೆ 25,000.

```
ಹಳೆಯ ಪದ್ಧತಿ
ಸಂಬಳ                            14,00,000
ಸ್ಟ್ಯಾಂಡರ್ಡ್ ಡಿಡಕ್ಷನ್             − 50,000
ವೃತ್ತಿ ತೆರಿಗೆ                      − 2,500
ಮನೆ ಸಾಲದ ಬಡ್ಡಿ                 − 2,00,000
80C                            − 1,50,000
80D                              − 25,000
80DD                             − 75,000
80DDB                            − 86,000
ತೆರಿಗೆಗೆ ಒಳಪಡುವುದು               8,11,500
ತೆರಿಗೆ (ಸೆಸ್ ಸೇರಿ)                 77,792
```

ಹೊಸ ಪದ್ಧತಿಯಲ್ಲಿ 75,000 ಮಾತ್ರ ಕಳೆದು 13,25,000. ಅದಕ್ಕೆ ಸೆಸ್ ಸೇರಿ ತೆರಿಗೆ 81,900. ಅಂದರೆ ಹಳೆಯದರಲ್ಲಿ ಉಳಿದದ್ದು 4,100 ರೂಪಾಯಿ ಚಿಲ್ಲರೆ.

ಇಷ್ಟು ಓಡಾಟಕ್ಕೆ ಇಷ್ಟೇನಾ ಅಂತ ಭಾವ ಕೇಳಿದರು. ಕಹಿ ಅಂದದ್ದು ಇದನ್ನೇ. ಹಳೆಯ ಪದ್ಧತಿಯೊಳಗೇ ನೋಡಿದರೆ ಈ ಎರಡು ಡಿಡಕ್ಷನ್‌ಗಳಿಂದ 33,488 ರೂಪಾಯಿ ಉಳಿದಿದೆ, ಅವಿಲ್ಲದೆ ತೆರಿಗೆ 1,11,280 ಆಗುತ್ತಿತ್ತು. ಆದರೆ ಹೊಸ ಪದ್ಧತಿಯ ದರಗಳೇ ಅಷ್ಟು ಕಡಿಮೆ ಇರುವುದರಿಂದ ಆ ಉಳಿತಾಯದ ಬಹುಪಾಲು ಅಲ್ಲಿಗಲ್ಲಿಗೆ ಸರಿಹೋಯಿತು. ಮನೆ ಸಾಲ ಇಲ್ಲದಿದ್ದರೆ ಹಳೆಯದರಲ್ಲಿ ತೆರಿಗೆ 1,20,588, ಆಗ ಕಣ್ಣು ಮುಚ್ಚಿ ಹೊಸದೇ. ಮಾವನದು ಶೇ 80 ದಾಟಿ 1,25,000 ಸಿಕ್ಕರೆ ಹಳೆಯದರ ತೆರಿಗೆ 67,392ಕ್ಕೆ ಇಳಿಯುತ್ತದೆ, ಉಳಿತಾಯ 14,500 ದಾಟುತ್ತದೆ. ಹಾಗಾಗಿ ಬರಿ ಇವೆರಡನ್ನು ನಂಬಿ ಹಳೆಯ ಪದ್ಧತಿಗೆ ಹೋಗಬೇಡಿ. ಮನೆ ಸಾಲವೋ ಮನೆ ಬಾಡಿಗೆ ಭತ್ಯೆಯೋ ಜೊತೆಗಿದ್ದರೆ ಮಾತ್ರ ತಕ್ಕಡಿ ಈ ಕಡೆ ವಾಲುತ್ತದೆ.

ಭಾವ ಹಳೆಯದರಲ್ಲೇ ಹಾಕಿದರು. ಮಾವನ ಪ್ರಮಾಣಪತ್ರಕ್ಕೆ ಮರುತಪಾಸಣೆಯ ದಿನಾಂಕ ಇದೆ, 2027ರ ಫೆಬ್ರವರಿ. ಅಕ್ಕ ಅದನ್ನು ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದಾಳೆ.